ಗಾಳಿ ಹಿಡಿದ ಪಂಪು



ಬೇಸಿಗೆ ಶುರುವಾದರೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: "ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ." ಕೂಡಲೇ ನಾನು ಕೇಳುವ ಪ್ರಶ್ನೆಯೂ ಒಂದೇ. "ನೀರು ನಿಂತದ್ದು ಯಾವಾಗ? ಸ್ವಿಚ್ ಹಾಕಿದಾಗಲೇ ಬರಲಿಲ್ಲವೋ, ಬಂದು ಹತ್ತು ನಿಮಿಷಕ್ಕೆ ನಿಂತಿತೋ, ಒಂದೆರಡು ಗಂಟೆ ಚೆನ್ನಾಗಿ ಓಡಿ ಆಮೇಲೆ ನಿಂತಿತೋ?" ಈ ಮೂರರಲ್ಲಿ ಯಾವುದು ಎಂದು ತಿಳಿದರೆ ದೋಷ ಎಲ್ಲಿದೆ ಎಂಬುದು ಮುಕ್ಕಾಲು ಪಾಲು ತಿಳಿದ ಹಾಗೆ. ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ. ನಾನು ಹೇಳುವುದು ತೆರೆದ ಬಾವಿ, ಕೆರೆ, ಹೊಳೆಗಳ ದಡದಲ್ಲಿ ಕೂರಿಸುವ ಮಾನೋಬ್ಲಾಕ್ ಪಂಪಿನ ಬಗ್ಗೆ. ಕೊಳವೆಬಾವಿಯೊಳಗೆ ಮುಳುಗಿರುವ ಸಬ್‌ಮರ್ಸಿಬಲ್ ಪಂಪಿನ ಕಥೆ ಬೇರೆ.

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಬೇಕು. ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ನೀರನ್ನು ಮೇಲಕ್ಕೆ ತಳ್ಳುವುದು ನಮ್ಮ ಸುತ್ತಲಿನ ಗಾಳಿ. ಚಿಕ್ಕವರಿದ್ದಾಗ ಪಪ್ಪಾಯಿ ಎಲೆಯ ದಂಟನ್ನು ಕೊಳವೆ ಮಾಡಿಕೊಂಡು ನೀರು ಹೀರಿದ್ದು ನೆನಪಿದೆಯೇ? ಬಾಯಿಂದ ಹೀರಿದಾಗ ದಂಟಿನೊಳಗಿನ ಒತ್ತಡ ಕಡಿಮೆಯಾಗುತ್ತದೆ. ಆಗ ಲೋಟದ ನೀರಿನ ಮೇಲೆ ಕೂತ ಗಾಳಿ ನೀರನ್ನು ದಂಟಿನೊಳಕ್ಕೆ ಒತ್ತುತ್ತದೆ. ದಂಟಿನಲ್ಲಿ ಒಂದು ಸಣ್ಣ ಸೀಳು ಇದ್ದರೆ ಬಾಯಿಗೆ ಬರುವುದು ಬರೀ ಗಾಳಿ. ಪಂಪಿನ ಸಕ್ಷನ್ ಪೈಪು ಆ ಪಪ್ಪಾಯಿ ದಂಟೇ.

ಗಾಳಿಯ ಒತ್ತುವ ಶಕ್ತಿಗೆ ಮಿತಿಯಿದೆ. ಸಮುದ್ರದ ಮಟ್ಟದಲ್ಲಿ ಅದು ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬವನ್ನು ಹೊತ್ತು ನಿಲ್ಲಬಲ್ಲದು. ಇಟಲಿಯ ಟೊರಿಸೆಲ್ಲಿ 1640ರ ದಶಕದಲ್ಲಿ ಇದಕ್ಕೆ ಸರಿಯಾದ ಕಾರಣ ಹೇಳಿದ. ನಾವು ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಉಡುಪಿಯ ಕರಾವಳಿಗಿಂತ ಸಾವಿರ ಮೀಟರ್ ಎತ್ತರದ ಚಿಕ್ಕಮಗಳೂರಿನ ಕಡೆ ಈ ಲೆಕ್ಕ ಒಂದು ಮೀಟರಿಗೂ ಸ್ವಲ್ಪ ಹೆಚ್ಚೇ ಇಳಿಯುತ್ತದೆ. ಅದರಲ್ಲೂ ಪೈಪಿನ ಘರ್ಷಣೆಗೆ, ಬೆಂಡಿಗೆ, ಫುಟ್‌ವಾಲ್ವ್ ತೆರೆಯುವುದಕ್ಕೆ ಒಂದಷ್ಟು ಹೋಗುತ್ತದೆ. ಉಳಿದದ್ದರಲ್ಲಿ ನೆಮ್ಮದಿಯಿಂದ ನಂಬಬಹುದಾದದ್ದು 6 ಮೀಟರ್, ಅಂದರೆ ಇಪ್ಪತ್ತು ಅಡಿ. ಪಂಪಿನಿಂದ ನೀರಿನ ಮಟ್ಟಕ್ಕೆ ಇಪ್ಪತ್ತು ಅಡಿಗಿಂತ ಹೆಚ್ಚು ಆಳವಿದ್ದರೆ ಎಷ್ಟು ಹಾರ್ಸ್‌ಪವರಿನ ಮೋಟಾರು ತಂದರೂ ನೀರು ನೆಚ್ಚಿಕೆಯಿಂದ ಬರುವುದಿಲ್ಲ. ಏಕೆಂದರೆ ತಳ್ಳುವ ಕೆಲಸ ಮೋಟಾರಿನದಲ್ಲ, ಗಾಳಿಯದು.

ಹಾಗಾದರೆ ಪಂಪಿಗೆ ಮೊದಲು ನೀರು ಏಕೆ ಹೊಯ್ಯಬೇಕು? ತನ್ನೊಳಗಿನ ಗಾಳಿಯನ್ನು ತಾನೇ ಹೊರಕ್ಕೆ ಹಾಕಿಕೊಳ್ಳಬಾರದೇ? ಆಗುವುದಿಲ್ಲ, ಕಾರಣ ಇಷ್ಟು. ಪಂಪಿನೊಳಗಿನ ಇಂಪೆಲ್ಲರ್ ತನ್ನ ಕೈಗೆ ಸಿಕ್ಕಿದ್ದನ್ನು ಅಂಚಿಗೆ ಎಸೆಯುತ್ತದೆ. ನೀರು ಸಿಕ್ಕಿದರೆ ನೀರನ್ನು, ಗಾಳಿ ಸಿಕ್ಕಿದರೆ ಗಾಳಿಯನ್ನು. ಇಪ್ಪತ್ತು ಮೀಟರ್ ಎತ್ತರಕ್ಕೆ ನೀರೇರಿಸುವ ಪಂಪು ಗಾಳಿ ತುಂಬಿಕೊಂಡು ತಿರುಗಿದರೆ, ಇಪ್ಪತ್ತು ಮೀಟರ್ ಎತ್ತರದ ಗಾಳಿಯ ಕಂಬದಷ್ಟು ಒತ್ತಡ ಹುಟ್ಟಿಸುತ್ತದೆ. ಗಾಳಿ ನೀರಿಗಿಂತ ಸುಮಾರು 800 ಪಟ್ಟು ಹಗುರ. ಇಪ್ಪತ್ತು ಮೀಟರನ್ನು 800ರಿಂದ ಭಾಗಿಸಿ: ಎರಡೂವರೆ ಸೆಂಟಿಮೀಟರ್. ಅಂದರೆ ಗಾಳಿ ಹಿಡಿದ ಪಂಪು ಬಾವಿಯ ನೀರನ್ನು ಒಂದು ಅಂಗುಲ ಮಾತ್ರ ಮೇಲೆತ್ತಬಲ್ಲದು. ಪಂಪು ಕೆಟ್ಟಿಲ್ಲ, ಮೋಟಾರು ಸೋತಿಲ್ಲ. ಅದರ ಕೈಗೆ ಹಿಡಿಯಲು ಏನೂ ಸಿಕ್ಕಿಲ್ಲ, ಅಷ್ಟೆ. ನೀರು ತುಂಬಿ ಈ ಗಾಳಿಯನ್ನು ಹೊರಹಾಕುವುದಕ್ಕೇ ಪ್ರೈಮಿಂಗ್ ಎನ್ನುವುದು.

ಈಗ ನನ್ನ ಪ್ರಶ್ನೆಯ ಮೊದಲ ಭಾಗಕ್ಕೆ ಬರೋಣ. ಸ್ವಿಚ್ ಹಾಕಿದಾಗಲೇ ನೀರು ಬರಲಿಲ್ಲ ಎಂದರೆ, ಪಂಪು ನಿಂತಿದ್ದಾಗ ಅದರೊಳಗಿನ ನೀರು ಎಲ್ಲೋ ಇಳಿದುಹೋಗಿದೆ. ಮೊದಲ ಅನುಮಾನ ಫುಟ್‌ವಾಲ್ವ್ ಮೇಲೆ. ಸಕ್ಷನ್ ಪೈಪಿನ ತುದಿಯಲ್ಲಿ, ನೀರಿನಡಿ ಕೂತಿರುವ ಏಕಮುಖದ ಬಾಗಿಲು ಅದು. ಪಂಪು ಓಡುವಾಗ ತೆರೆಯುತ್ತದೆ, ನಿಂತಾಗ ಮೇಲಿನ ನೀರಿನ ಭಾರಕ್ಕೇ ಮುಚ್ಚಿಕೊಳ್ಳುತ್ತದೆ. ಮುಚ್ಚಳದ ಅಡಿಯಲ್ಲಿ ಚರ್ಮದ ಅಥವಾ ರಬ್ಬರಿನ ವಾಷರ್, ಹೊರಗೆ ಕಸ ತಡೆಯುವ ಜಾಲರಿ. ಮುಚ್ಚಳ ಮತ್ತು ಅದು ಕೂರುವ ಪೀಠದ ನಡುವೆ ಒಂದು ಅಡಕೆ ಸಿಪ್ಪೆಯ ನಾರು, ಒಂದು ಕಡಲೆಗಾತ್ರದ ಕಲ್ಲು ಸಿಕ್ಕಿಕೊಂಡರೆ ಸಾಕು, ರಾತ್ರಿ ಬೆಳಗಾಗುವುದರೊಳಗೆ ಪೈಪು ಖಾಲಿ. ಬೇಸಿಗೆಯಲ್ಲಿ ಬಾವಿ ಬತ್ತಿ ವಾಲ್ವ್ ಬಿಸಿಲಿಗೆ ಬಿದ್ದರೆ ಚರ್ಮ ಒಣಗಿ ಸೊಟ್ಟಗಾಗುತ್ತದೆ; ಮತ್ತೆ ನೀರು ಬಂದಾಗ ಅದು ಮೊದಲಿನಂತೆ ಕೂರುವುದಿಲ್ಲ.

ಫುಟ್‌ವಾಲ್ವ್ ಹಿಡಿಯುತ್ತಿದೆಯೇ ಇಲ್ಲವೇ ಎಂದು ತಿಳಿಯಲು ಬಾವಿಗೆ ಇಳಿಯಬೇಕಾಗಿಲ್ಲ. ಕೊಡ ಲೆಕ್ಕ ಹಾಕಿದರೆ ಸಾಕು. ಮೂರು ಇಂಚಿನ ಪೈಪು ಒಂದು ಮೀಟರ್ ಉದ್ದಕ್ಕೆ ಸುಮಾರು ನಾಲ್ಕೂವರೆ ಲೀಟರ್ ನೀರು ಹಿಡಿಯುತ್ತದೆ, ಎರಡು ಇಂಚಿನದು ಸುಮಾರು ಎರಡು ಲೀಟರ್. ನಿಮ್ಮ ಸಕ್ಷನ್ ಪೈಪು ಮೂರು ಇಂಚಿನದು, ಒಟ್ಟು 8 ಮೀಟರ್ ಉದ್ದ ಎಂದಿಟ್ಟುಕೊಳ್ಳಿ. ಪೈಪಿಗೆ 36 ಲೀಟರ್, ಪಂಪಿನ ಹೊಟ್ಟೆಗೆ ಇನ್ನು ನಾಲ್ಕು ಲೀಟರ್, ಒಟ್ಟು 40. ಹತ್ತು ಲೀಟರಿನ ಕೊಡವಾದರೆ ನಾಲ್ಕು ಕೊಡ. ಪೂರ್ತಿ ಖಾಲಿಯಾದ ಪೈಪೂ ನಾಲ್ಕು ಕೊಡಕ್ಕೆ ತುಂಬಿ ಉಕ್ಕಬೇಕು. ಆರು ಕೊಡ, ಎಂಟು ಕೊಡ ಹೊಯ್ದರೂ ತುಂಬದಿದ್ದರೆ ನೀವು ಪಂಪಿಗೆ ನೀರು ಹಾಕುತ್ತಿಲ್ಲ, ಬಾವಿಗೆ ಹಾಕುತ್ತಿದ್ದೀರಿ. ತುಂಬಿತು ಎನ್ನಿ, ಆಗ ಕಾಲು ಗಂಟೆ ಹಾಗೇ ಬಿಟ್ಟು ಆಲಿಕೆಯೊಳಗೆ ಇಣುಕಿ ನೋಡಿ. ನೀರಿನ ಮಟ್ಟ ಅಲ್ಲೇ ಇದ್ದರೆ ಫುಟ್‌ವಾಲ್ವ್ ಮೇಲೆ ಅಪವಾದ ಬೇಡ. ಇಳಿದಿದ್ದು, ಪೈಪಿನ ಹೊರಮೈಯಲ್ಲಿ ಎಲ್ಲೂ ಒದ್ದೆ ಕಾಣದಿದ್ದರೆ ತಪ್ಪು ಫುಟ್‌ವಾಲ್ವಿನದೇ.

ಸೋರುವ ವಾಲ್ವಿಗೆ ಸಗಣಿ ನೀರು ಹೊಯ್ಯುವವರನ್ನು ನೋಡಿದ್ದೇನೆ. ಸಗಣಿಯ ನಾರು ಹೋಗಿ ಸಂದಿಯಲ್ಲಿ ಕೂತು ಆ ಹೊತ್ತಿಗೆ ನೀರು ನಿಲ್ಲುವುದು ನಿಜ. ಒಂದು ದಿನದ ನೀರು ತಪ್ಪಬಾರದು ಎನ್ನುವಾಗ ಅದು ಉಪಾಯವೇ. ಆದರೆ ಅದನ್ನೇ ದಿನಾ ಮಾಡಿದರೆ ಅದರೊಳಗಿನ ಮಣ್ಣು, ಮರಳು ಪಂಪಿನ ಸೀಲನ್ನು ಸವೆಸುತ್ತದೆ. ಫುಟ್‌ವಾಲ್ವನ್ನು ಮೇಲೆತ್ತಿ, ಪೀಠವನ್ನು ಒರೆಸಿ, ವಾಷರ್ ಬದಲಿಸುವುದು ಒಂದು ಬೆಳಗಿನ ಕೆಲಸ. ಮತ್ತೆ ಇಳಿಸುವಾಗ ವಾಲ್ವ್ ಬಾವಿಯ ತಳದಿಂದ ಒಂದು ಅಡಿಯಾದರೂ ಮೇಲಿರಲಿ, ಇಲ್ಲದಿದ್ದರೆ ಕೆಸರು ನುಂಗುತ್ತದೆ.

ಪ್ರಶ್ನೆಯ ಎರಡನೆಯ ಭಾಗ. ನೀರು ಬಂತು, ಆದರೆ ಹಾಲಿನಂತೆ ಬೆಳ್ಳಗೆ, ನೊರೆನೊರೆಯಾಗಿ, ಕೆಮ್ಮುತ್ತ ಬಂತು. ಹತ್ತು ನಿಮಿಷದಲ್ಲಿ ಸೊರಗಿ ನಿಂತಿತು. ಇದು ಸಕ್ಷನ್ ಪೈಪಿನಲ್ಲಿ ಗಾಳಿ ಸೇರುತ್ತಿರುವುದರ ಲಕ್ಷಣ. ಪತ್ತೆ ಮಾಡಲು ಹೆಚ್ಚು ಸತಾಯಿಸುವ ದೋಷ ಇದೇ. ಡೆಲಿವರಿ ಪೈಪು ಒಡೆದರೆ ನೀರು ಚಿಮ್ಮಿ ತಾನೇ ಹೇಳುತ್ತದೆ. ಸಕ್ಷನ್ ಪೈಪಿನೊಳಗೆ ಒತ್ತಡ ಹೊರಗಿನದಕ್ಕಿಂತ ಕಡಿಮೆ. ಅದರಲ್ಲಿ ತೂತಾದರೆ ಪಂಪು ಓಡುವಾಗ ಒಂದು ಹನಿಯೂ ಹೊರಗೆ ಬರುವುದಿಲ್ಲ; ಗಾಳಿ ಸದ್ದಿಲ್ಲದೆ ಒಳಗೆ ಹೋಗುತ್ತಿರುತ್ತದೆ. ನೀರಿನ ಗಾತ್ರದ ನೂರಕ್ಕೆ ಒಂದೆರಡು ಪಾಲು ಗಾಳಿಯಾದರೆ ಹರಿವು ತುಸು ಸಣ್ಣಗಾಗುತ್ತದೆ, ಹತ್ತರ ಹತ್ತಿರ ಹೋದರೆ ನಿಂತೇಬಿಡುತ್ತದೆ. ಏಕೆಂದರೆ ಇಂಪೆಲ್ಲರ್ ಭಾರದ ನೀರನ್ನು ಅಂಚಿಗೆ ಎಸೆಯುವಾಗ ಹಗುರವಾದ ಗಾಳಿ ನಡುವೆಯೇ ಉಳಿದು, ನೀರು ಒಳಬರುವ ಬಾಯಿಯನ್ನೇ ಮುಚ್ಚುತ್ತದೆ.

ಇಲ್ಲೊಂದು ನಡೆದ ಸಂಗತಿ ಹೇಳುತ್ತೇನೆ. ತೀರ್ಥಹಳ್ಳಿ ಕಡೆ ನನ್ನ ಭಾವನವರ ಅಡಕೆ ತೋಟ. ತೆರೆದ ಬಾವಿ, 5 ಹಾರ್ಸ್‌ಪವರ್ ಮಾನೋಬ್ಲಾಕ್, ಮೂರು ಇಂಚಿನ ಪಿವಿಸಿ ಸಕ್ಷನ್ ಪೈಪು. ಪಂಪಿನಿಂದ ಎರಡು ಮೀಟರ್ ಅಡ್ಡ ಬಂದು, ಎಲ್ಬೋ ತಿರುಗಿ, ಆರು ಮೀಟರ್ ಬಾವಿಗೆ ಇಳಿದಿದೆ. ನೀರಿನ ಮಟ್ಟ ಪಂಪಿನಿಂದ ಐದು ಮೀಟರ್ ಕೆಳಗೆ. ವಾರದಿಂದ ತೋಟಕ್ಕೆ ನೀರಿಲ್ಲ.

"ಎರಡು ಸಲ ಫುಟ್‌ವಾಲ್ವ್ ಬದಲು ಮಾಡಿಸಿದೆ ಭಾವಾ, ಈಗ ಮೋಟಾರೇ ಬಿಚ್ಚಿಸಬೇಕು ಅಂತಾರೆ" ಎಂದರು.

"ಬಿಚ್ಚಿಸಬೇಡಿ. ಮೊದಲು ಕೊಡ ತನ್ನಿ" ಎಂದೆ.

ನಾಲ್ಕು ಕೊಡಕ್ಕೆ ಪೈಪು ತುಂಬಿತು. ಕಾಲು ಗಂಟೆ ಕಾದೆವು. ಆಲಿಕೆಯಲ್ಲಿ ನೀರು ಕದಲಿದ್ದು ಕಣ್ಣಿಗೆ ಕಾಣಲಿಲ್ಲ. ಅಂದರೆ ಹೊಸ ಫುಟ್‌ವಾಲ್ವ್ ಚೆನ್ನಾಗಿದೆ. ಬಾವಿಯ ಗೋಡೆಗೆ ಸೀಮೆಸುಣ್ಣದಲ್ಲಿ ನೀರಿನ ಮಟ್ಟ ಗುರುತು ಮಾಡಿ ಪಂಪು ಹಾಕಿದೆವು. ನೀರು ಬಂತು, ಬೆಳ್ಳಗೆ ಬಂತು. ಸ್ಟಾರ್ಟರಿನ ಆಮ್ಮೀಟರ್ ಮುಳ್ಳು ಏಳಕ್ಕೆ ಏರುವುದು, ಐದಕ್ಕೆ ಇಳಿಯುವುದು, ನಡುಗುತ್ತಲೇ ಇತ್ತು. ಹತ್ತು ನಿಮಿಷಕ್ಕೆ ಹರಿವು ಸಣ್ಣಗಾಗುತ್ತಿದ್ದಂತೆ ಡೆಲಿವರಿಯ ಗೇಟ್‌ವಾಲ್ವ್ ಮುಚ್ಚಿ ಪಂಪು ನಿಲ್ಲಿಸಿದೆ. ಬಾವಿಯ ನೀರು ಗುರುತಿನಿಂದ ನಾಲ್ಕು ಬೆರಳು ಇಳಿದಿತ್ತು, ಅಷ್ಟೇ. ಹಾಗಾದರೆ ತಪ್ಪು ಬಾವಿಯದೂ ಅಲ್ಲ, ಫುಟ್‌ವಾಲ್ವಿನದೂ ಅಲ್ಲ. ಉಳಿದದ್ದು ಫುಟ್‌ವಾಲ್ವ್ ಮತ್ತು ಪಂಪಿನ ನಡುವಿನ ಪೈಪು.

ಪಂಪು ನಿಂತಿರುವಾಗಲೇ ಗೇಟ್‌ವಾಲ್ವನ್ನು ಮತ್ತೆ ತೆರೆದೆ. ಮೇಲಿನ ಪೈಪಿನಲ್ಲಿ ತುಂಬಿದ್ದ ನೀರಿನ ಭಾರ ಈಗ ಪಂಪಿನ ಮೂಲಕ ಹಿಂದಕ್ಕೆ, ಸಕ್ಷನ್ ಪೈಪಿನ ಮೇಲೆ ಬಿತ್ತು. ಓಡುವಾಗ ಗಾಳಿ ಒಳಹೋಗುವ ಜಾಗದಲ್ಲಿ ಈಗ ನೀರು ಹೊರಗೆ ಬರಬೇಕು. ಎಲ್ಬೋ ಅಡಿಯಲ್ಲಿ ಕೈಯಾಡಿಸಿದೆ. ಅಂಟು ಹಾಕಿದ ಜಾಯಿಂಟಿನ ಕೆಳಗೆ ಬೆರಳಗಲದ ಹಸಿರು ಪಾಚಿಯ ಗೆರೆ. ಪಾಚಿಯ ತುದಿಯಲ್ಲಿ ಒಂದು ಹನಿ ಮೂಡಿತು, ದಪ್ಪವಾಯಿತು, ಬಿತ್ತು, ಮತ್ತೊಂದು ಮೂಡಿತು. ಒಣಗಿದ ಪೈಪಿನ ಮೈಯಲ್ಲಿ ಪಾಚಿ ಬೆಳೆಯುವುದಿಲ್ಲ. ಆ ಜಾಗ ತಿಂಗಳುಗಳಿಂದ ಒದ್ದೆಯಾಗಿತ್ತು.

ಖಚಿತ ಮಾಡಿಕೊಳ್ಳಲು ಮತ್ತೆ ಪಂಪು ಹಾಕಿಸಿ, ಸೋಪಿನ ನೊರೆ ಬಳಿದೆ. ಬೇರೆ ಜಾಯಿಂಟುಗಳಲ್ಲಿ ನೊರೆ ಹಾಗೇ ಕೂತಿತು. ಎಲ್ಬೋ ಹತ್ತಿರ ಒಂದು ಕಡೆ ಕಣ್ಣೆದುರೇ ಒಳಕ್ಕೆ ಹೀರಿಹೋಗಿ ಕೂದಲೆಳೆಯಂಥ ಸೀಳು ಕಾಣಿಸಿತು. ಗಾಳಿ ಬೀಸದ ಜಾಗದಲ್ಲಾದರೆ ಊದುಬತ್ತಿಯ ಹೊಗೆಯೂ ಇದೇ ಕೆಲಸ ಮಾಡುತ್ತದೆ. ಹೊಗೆ ಜಾಯಿಂಟಿನತ್ತ ಬಾಗಿದರೆ ಅಲ್ಲಿ ಗಾಳಿ ಒಳಹೋಗುತ್ತಿದೆ ಎಂದರ್ಥ.

ಸೀಳು ಬಂದದ್ದು ಹೇಗೆ? ಬಾವಿಯೊಳಗೆ ಇಳಿದ ಪೈಪಿಗೆ ಗೋಡೆಯಲ್ಲಿ ಕ್ಲಾಂಪೇ ಇರಲಿಲ್ಲ. ನೀರಿನ ಮಟ್ಟದಿಂದ ಮೇಲಿರುವ ಐದು ಮೀಟರ್ ಪೈಪಿನೊಳಗಿನ ನೀರಿನ ತೂಕವೇ ಇಪ್ಪತ್ತು ಕಿಲೋಗಿಂತ ಹೆಚ್ಚು. ಅದರ ಜೊತೆಗೆ ಪೈಪು, ವಾಲ್ವ್ ಎಲ್ಲವೂ ಆ ಒಂದು ಎಲ್ಬೋಗೆ ಜೋತುಬಿದ್ದಿದ್ದವು. ಪಂಪು ನಡುಗಿದಾಗಲೆಲ್ಲ ಜಾಯಿಂಟು ಬಾಯಿ ಬಿಡುತ್ತಿತ್ತು, ನಿಂತಾಗ ಬಹುಪಾಲು ಮುಚ್ಚಿಕೊಳ್ಳುತ್ತಿತ್ತು. ಆಲಿಕೆಯಲ್ಲಿ ನೀರು ಇಳಿಯದೇ ಇದ್ದದ್ದು ಅದಕ್ಕೇ. ಎಲ್ಬೋ ಕತ್ತರಿಸಿ ಹೊಸದು ಕೂರಿಸಿ, ಗೋಡೆಗೆ ಎರಡು ಕ್ಲಾಂಪ್ ಹೊಡೆದೆವು. ಇನ್ನೊಂದು ತಿದ್ದುಪಡಿಯೂ ಬೇಕಾಯಿತು. ಅಡ್ಡ ಪೈಪು ನಡುವೆ ಗೂನು ಬೆನ್ನಿನಂತೆ ಎದ್ದಿತ್ತು. ಗೂನಿನಲ್ಲಿ ಗಾಳಿ ಕೂತರೆ ಎಷ್ಟು ನೀರು ಹೊಯ್ದರೂ ಹೊರಡುವುದಿಲ್ಲ. ಸಕ್ಷನ್ ಪೈಪು ಬಾವಿಯಿಂದ ಪಂಪಿನ ಕಡೆಗೆ ಸ್ವಲ್ಪ ಸ್ವಲ್ಪ ಏರುತ್ತಲೇ ಬರಬೇಕು. ಎಲ್ಲೂ ಎದ್ದು ಬಿದ್ದು ಇರಬಾರದು. ಪೈಪಿಗೆ ಆಸರೆ ಕೊಟ್ಟು ಅದನ್ನೂ ನೇರ ಮಾಡಿದೆವು. ಅಂಟು ಗಟ್ಟಿಯಾಗಲು ಬಿಟ್ಟು, ಮಾರನೆಯ ದಿನ ಪಂಪು ಹಾಕಿದಾಗ ನೀರು ತಿಳಿಯಾಗಿ, ತುಂಬು ಪೈಪಿನಲ್ಲಿ ಬಂತು. ಆಮ್ಮೀಟರ್ ಮುಳ್ಳು ಏಳೂವರೆಯಲ್ಲಿ ಅಲ್ಲಾಡದೆ ನಿಂತಿತು.

ಪೈಪಿನಲ್ಲಿ ಎಲ್ಲೂ ಸಿಗದಿದ್ದರೆ ಪಂಪಿನ ಗ್ಲ್ಯಾಂಡ್ ನೋಡಿ. ದಾರದ ಪ್ಯಾಕಿಂಗ್ ಇರುವ ಪಂಪಿನಲ್ಲಿ ಗ್ಲ್ಯಾಂಡಿನಿಂದ ಹನಿ ಹನಿಯಾಗಿ ನೀರು ತೊಟ್ಟಿಕ್ಕುತ್ತಿರಬೇಕು. ಆ ಹನಿಯೇ ಶಾಫ್ಟನ್ನು ತಂಪಾಗಿಡುವುದು, ಗಾಳಿಯನ್ನು ತಡೆಯುವುದು. ಒಂದು ಹನಿಯೂ ಬೀಳಬಾರದೆಂದು ಬಿಗಿದರೆ ದಾರ ಸುಟ್ಟುಹೋಗಿ, ಆಮೇಲೆ ಗಾಳಿಗೆ ದಾರಿಯಾಗುತ್ತದೆ.

ಪ್ರಶ್ನೆಯ ಮೂರನೆಯ ಭಾಗ. ಒಂದೆರಡು ಗಂಟೆ ಚೆನ್ನಾಗಿ ಓಡಿ ಆಮೇಲೆ ನಿಂತಿತು ಎಂದರೆ ಮೊದಲು ಬಾವಿಯೊಳಗೆ ನೋಡಿ. ಊಟೆ ಬರುವುದಕ್ಕಿಂತ ಬೇಗ ನೀವು ನೀರೆತ್ತುತ್ತಿದ್ದೀರಿ. ಮಟ್ಟ ಇಳಿದು ಇಪ್ಪತ್ತು ಅಡಿಯ ಗಡಿ ದಾಟಿದಾಗ ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂಥ ಸದ್ದು ಬರುತ್ತದೆ. ಒತ್ತಡ ತೀರಾ ಇಳಿದು ನೀರೇ ಆವಿಯ ಗುಳ್ಳೆಯಾಗಿ ಒಡೆಯುವ ಸದ್ದು ಅದು. ಆ ಗುಳ್ಳೆಗಳು ಇಂಪೆಲ್ಲರನ್ನು ಕೊರೆದು ಹಾಕುತ್ತವೆ. ಕೆಲವು ಬಾವಿಗಳಲ್ಲಿ ಗಡಿ ದಾಟುವ ಮೊದಲೇ ಫುಟ್‌ವಾಲ್ವ್ ಮೇಲಿನ ನೀರು ತೆಳುವಾಗಿ, ಸುಳಿ ಎದ್ದು, ಸುಳಿಯ ಕಣ್ಣಿನಿಂದ ಗಾಳಿ ಒಳಗೆ ಇಳಿಯುತ್ತದೆ. ಜಾಲರಿಯ ಮೇಲೆ ಎರಡು ಅಡಿಯಾದರೂ ನೀರು ಇರಲಿ. ಇಂಥ ಬಾವಿಗೆ ದೊಡ್ಡ ಮೋಟಾರು ಪರಿಹಾರವಲ್ಲ. ಗೇಟ್‌ವಾಲ್ವನ್ನು ಸ್ವಲ್ಪ ಮುಚ್ಚಿ ಕಡಿಮೆ ನೀರೆತ್ತಬೇಕು, ಇಲ್ಲವೇ ಬಾವಿಯೊಳಗೆ ಕಟ್ಟೆ ಮಾಡಿ ಪಂಪನ್ನೇ ಕೆಳಗೆ ಇಳಿಸಬೇಕು. ಮಟ್ಟ ಕಡಿಮೆಯಾಗದೆಯೂ ಹೀಗಾದರೆ ಜಾಲರಿಗೆ ಎಲೆ, ಪಾಚಿ ಕಟ್ಟಿದೆ ಎಂದು ತಿಳಿಯಿರಿ.

ಇನ್ನು ಪ್ರೈಮಿಂಗ್ ಮಾಡುವ ಕ್ರಮ. ಮೊದಲು ಮೈನ್ ಸ್ವಿಚ್ ತೆಗೆಯಿರಿ. ಗೇಟ್‌ವಾಲ್ವ್ ಮುಚ್ಚಿ, ಪಂಪಿನ ನೆತ್ತಿಯ ಮೇಲಿರುವ ಗಾಳಿಯ ಕಾಕ್ ತೆರೆದು, ಆಲಿಕೆಯಲ್ಲಿ ನಿಧಾನವಾಗಿ ನೀರು ಹೊಯ್ಯಿರಿ. ದಡದಡ ಸುರಿದರೆ ಗಾಳಿ ಹೊರಬರುವ ದಾರಿಯನ್ನೇ ನೀರು ಮುಚ್ಚುತ್ತದೆ. ತುಂಬಿತು ಎನಿಸಿದಾಗ ಶಾಫ್ಟನ್ನು ಕೈಯಿಂದ ನಾಲ್ಕೈದು ಸುತ್ತು ತಿರುಗಿಸಿ. ಇಂಪೆಲ್ಲರ್ ರೆಕ್ಕೆಗಳ ಸಂದಿಯಲ್ಲಿ ಅಡಗಿದ ಗಾಳಿ ಗುಳುಗುಳು ಎಂದು ಮೇಲೆ ಬರುತ್ತದೆ, ನೀರು ಇನ್ನಷ್ಟು ಹಿಡಿಯುತ್ತದೆ. ಗುಳ್ಳೆ ಪೂರ್ತಿ ನಿಂತು ಕಾಕ್‌ನಿಂದ ಬರೀ ನೀರು ಬಂದ ಮೇಲೆ ಕಾಕ್ ಮುಚ್ಚಿ, ಪಂಪು ಹಾಕಿ, ಗೇಟ್‌ವಾಲ್ವನ್ನು ಸ್ವಲ್ಪ ಸ್ವಲ್ಪವೇ ತೆರೆಯಿರಿ. ಒಮ್ಮೆಲೇ ತೆರೆದರೆ ಉಳಿದಿದ್ದ ಗುಳ್ಳೆ ನಡುವಿಗೆ ನುಗ್ಗಿ ಮಾಡಿದ ಕೆಲಸವೆಲ್ಲ ಹಾಳು. ಒಂದೆರಡು ನಿಮಿಷದಲ್ಲಿ ನೀರು ಬರದಿದ್ದರೆ ನಿಲ್ಲಿಸಿ ಮತ್ತೆ ತುಂಬಿ. ಬಂದೀತೆಂದು ಓಡಿಸುತ್ತ ಕಾಯಬೇಡಿ.

ಕೊನೆಯದಾಗಿ, ಆಟೋ ಸ್ಟಾರ್ಟರ್ ಹಾಕಿಕೊಂಡವರಿಗೆ ಒಂದು ಮಾತು. ತ್ರೀಫೇಸ್ ಕರೆಂಟು ಪಾಳಿಯಲ್ಲಿ ಬರುತ್ತದೆ. ಎಷ್ಟೋ ಸಲ ನಡುರಾತ್ರಿ. ಸಂಜೆಯಿಂದ ರಾತ್ರಿಯವರೆಗೆ ಫುಟ್‌ವಾಲ್ವ್ ಮೆಲ್ಲಗೆ ಸೋರಿದೆ, ಪೈಪು ಖಾಲಿಯಾಗಿದೆ. ಎರಡು ಗಂಟೆಗೆ ಕರೆಂಟು ಬಂತು, ಪಂಪು ತಾನೇ ಹೊರಟಿತು. ನೀವು ಮಲಗಿದ್ದೀರಿ. ಬೆಳಗಿನ ತನಕ ಅದು ಒಣ ತಿರುಗುತ್ತದೆ. ಒಳಗೆ ಉಳಿದ ನಾಲ್ಕು ಲೋಟ ನೀರು ಕಾದು ಕುದಿಯುತ್ತದೆ, ಸೀಲು ಸುಡುತ್ತದೆ, ಬಿಸಿ ತಾಗಿ ಪಕ್ಕದ ಪಿವಿಸಿ ಪೈಪು ಮೆತ್ತಗಾಗಿ ಸೊಟ್ಟಗಾಗುತ್ತದೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಏಕೆ ಕಾಪಾಡಲಿಲ್ಲ ಎಂದು ಹಲವರು ಕೇಳುತ್ತಾರೆ. ಆ ರಿಲೇ ಕಾಯುವುದು ಹೆಚ್ಚಿನ ಕರೆಂಟಿಗೆ. ಒಣ ತಿರುಗುವ ಮೋಟಾರಿಗೆ ಭಾರವೇ ಇಲ್ಲ. ಏಳೆಂಟು ಆಂಪಿಯರ್ ಎಳೆಯುವ 5 ಹಾರ್ಸ್‌ಪವರ್ ಮೋಟಾರು ಆಗ ಮೂರು ನಾಲ್ಕು ಮಾತ್ರ ಎಳೆಯುತ್ತದೆ. ರಿಲೇ ಕಣ್ಣಿಗೆ ಎಲ್ಲ ಸರಿಯಾಗಿಯೇ ಇದೆ. ಕರೆಂಟು ಕಡಿಮೆಯಾದಾಗ ಪಂಪು ನಿಲ್ಲಿಸಲು ಬೇರೆಯೇ ಸಾಧನ ಬೇಕು. ಅಂಗಡಿಯಲ್ಲಿ ಡ್ರೈ ರನ್ ಪ್ರಿವೆಂಟರ್ ಎಂದು ಕೇಳಿ. ಆಟೋ ಸ್ಟಾರ್ಟರ್ ಇದ್ದಲ್ಲಿ ಅದು ಇರಲೇಬೇಕು.

ಬಂಧುಗಳೇ, ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಸಕ್ಷನ್ ಪೈಪಿನ ಉದ್ದ ಅಳೆದು, ಅದು ಎಷ್ಟು ಕೊಡ ನೀರು ಹಿಡಿಯುತ್ತದೆ ಎಂದು ಲೆಕ್ಕ ಹಾಕಿ, ಆ ಅಂಕಿಯನ್ನು ಪಂಪ್‌ಹೌಸಿನ ಗೋಡೆಯ ಮೇಲೆ ಬರೆದಿಡಿ. ಪಂಪು ಚೆನ್ನಾಗಿ ಓಡುವ ದಿನ ಆಮ್ಮೀಟರ್ ಎಷ್ಟು ತೋರಿಸುತ್ತದೆ ಎಂಬುದನ್ನೂ ಅದರ ಪಕ್ಕ ಬರೆಯಿರಿ. ಮುಂದೆ ಎಂದಾದರೂ ಪಂಪು ಗಾಳಿ ಹಿಡಿದರೆ ಮೋಟಾರು ಬಿಚ್ಚಿಸುವ ಮೊದಲು ಆ ಎರಡು ಅಂಕಿಗಳನ್ನು ನೋಡಿ, ನೀರು ನಿಂತದ್ದು ಯಾವಾಗ ಎಂದು ನಿಮ್ಮನ್ನೇ ಕೇಳಿಕೊಳ್ಳಿ.